ಮೆದು ಪಾಪ್ ಪಲ್ಲವಿಗೆ ತಬಲಾ: ಕೆಹರವಾ, ಭಜನಿ ಠೇಕಾ, ಬಿಡಿ ಬೋಲು – ಯಾವುದು ಕೂರುತ್ತದೆ?

ಗಿಟಾರ್ ಆಗಿದೆ, ಕೀಬೋರ್ಡ್ ಆಗಿದೆ, ಪಲ್ಲವಿ ಹಾಡಿಯೂ ಆಗಿದೆ. ಇನ್ನು ಕೆಳಗೆ ತಬಲಾ ಹಾಸಬೇಕು ಅನ್ನುವಾಗ ಬಹಳ ಜನ ಸಿಕ್ಕಿಕೊಳ್ಳುತ್ತಾರೆ. ಕೆಹರವಾ ಹಾಕಿದರೆ ಸುಗಮ ಸಂಗೀತದ ಹಾಡಾಗಿಬಿಡುತ್ತದೆ, ಭಜನಿ ಹಾಕಿದರೆ ದೇವರನಾಮದ ವಾಸನೆ ಬರುತ್ತದೆ, ನಾಲ್ಕು ಬೋಲು ಚೆಲ್ಲಿದರೆ ತಬಲಾ ಇದ್ದೂ ಇಲ್ಲದಂತಾಗುತ್ತದೆ. ಮೂರು ಭಯಗಳಲ್ಲೂ ನಿಜವಿದೆ. ಆದರೆ ಆಯ್ಕೆ ಮಾಡುವಾಗ ಹೆಚ್ಚಿನವರು ಕಿವಿ ಕೊಡುವುದು ಬಲಗೈಗೆ, ‘ನಾ’ ಎಷ್ಟು ಚೆನ್ನಾಗಿ ಮಿಂಚುತ್ತಿದೆ ಎನ್ನುವುದಕ್ಕೆ. ನಿಜವಾಗಿ ತೀರ್ಮಾನ ಆಗುವುದು ಎಡಗೈಯಲ್ಲಿ. ಎಡಗೈ ನುಡಿಸುವ ಡಗ್ಗಾ ಎಲ್ಲಿ ತೆರೆದುಕೊಳ್ಳುತ್ತದೆ, ಎಲ್ಲಿ ಮುಚ್ಚಿಕೊಳ್ಳುತ್ತದೆ, ಆ ಜಾಗದಲ್ಲಿ ಕಿಕ್, ಬೇಸ್ ಗಿಟಾರ್ ಮತ್ತು ಗಾಯಕರ ಮಾತು ಏನು ಮಾಡುತ್ತಿವೆ – ಇದನ್ನು ನೋಡಿದರೆ ಮೂರರಲ್ಲಿ ಎರಡು ತಾವಾಗಿಯೇ ಹೊರಬೀಳುತ್ತವೆ.

ಒಂದು ಪಲ್ಲವಿಯನ್ನು ಮುಂದಿಟ್ಟುಕೊಂಡೇ ತೂಗಿ ನೋಡೋಣ. ವೇಗ 80 ಬಿಪಿಎಂ, ನಾಲ್ಕು ಬೀಟಿನ ಬಾರ್. ಶ್ರುತಿ ಡಿ ಮೇಜರ್, ಅಂದರೆ ಹಾರ್ಮೋನಿಯಂ ಭಾಷೆಯಲ್ಲಿ ಬಿಳಿ ಎರಡು. ಪಲ್ಲವಿ ಎಂಟು ಬಾರ್, ಬಾರಿಗೊಂದು ಕಾರ್ಡ್: ಡಿ, ಬಿ ಮೈನರ್, ಜಿ, ಎ, ಮತ್ತೆ ಅದೇ ನಾಲ್ಕು. ಒಂದು ಬಾರಿಗೆ ಸರಿಯಾಗಿ ಮೂರು ಸೆಕೆಂಡು, ಇಡೀ ಪಲ್ಲವಿಗೆ 24 ಸೆಕೆಂಡು. ಪ್ರತಿ ಬೀಟನ್ನು ಎರಡಾಗಿ ಸೀಳಿ ಬಾರನ್ನು ಎಂಟು ಮನೆ ಮಾಡಿಕೊಳ್ಳಿ. ಕಿಕ್ 1 ಮತ್ತು 5ನೇ ಮನೆಯಲ್ಲಿದೆ, ಬೆರಳ ಚಿಟಿಕೆ 3 ಮತ್ತು 7ರಲ್ಲಿ. ಸಾಲು ಎರಡು ಬಾರ್ ಉದ್ದ. ಹಾಡು ಮಾತ್ರ ಬಾರಿನ ತಲೆಯಲ್ಲಿ ಶುರುವಾಗುವುದಿಲ್ಲ: ಹಿಂದಿನ ಬಾರಿನ 6ನೇ ಮನೆಯಲ್ಲಿ ಎರಡು ಮೂರು ಸಣ್ಣ ಅಕ್ಷರ ಬಂದು, ಎಳೆದು ಹಾಡುವ ಅಕ್ಷರ 1ನೇ ಮನೆಯ ಮೇಲೆ ಕೂರುತ್ತದೆ. ಮೆದು ಪಾಪ್ ಹಾಡುಗಳಲ್ಲಿ ಹೀಗೆ ಮುಂಚೆಯೇ ಎತ್ತಿಕೊಳ್ಳುವುದು ಬಹಳ ಸಾಮಾನ್ಯ.

ತೂಗುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನಾಲ್ಕು. ಡಗ್ಗಾ ತೆರೆಯುವ ಮನೆಗಳು ಕಿಕ್‌ಗೂ ಬೇಸ್‌ಗೂ ಅಡ್ಡ ಬರುತ್ತವೆಯೇ? ಹಾಡು ಎತ್ತಿಕೊಳ್ಳುವ ಮನೆಯಲ್ಲಿ ತಬಲಾ ಹಗುರವಾಗಿದೆಯೇ? ಆವರ್ತನ ಎಷ್ಟು ಬಾರಿಗೆ ಮುಗಿಯುತ್ತದೆ, ಅದು ಪಲ್ಲವಿಯ ಬಾರುಗಳಿಗೆ ಸರಿಯಾಗಿ ಭಾಗವಾಗುತ್ತದೆಯೇ? ಕೊನೆಯದು, ನುಡಿಸುವವರು ಯಾರು – ಕುಳಿತ ತಬಲಾವಾದಕರೋ, ಕಂಪ್ಯೂಟರಿನಲ್ಲಿರುವ ಸ್ಯಾಂಪಲ್ಲೋ?

ಕೆಹರವಾ: ಬಾರಿಗೊಂದು ಆವರ್ತನ

ಎಂಟು ಮಾತ್ರೆ, ಎಂಟು ಮನೆ. ಲೆಕ್ಕ ನೇರ.

```
ಮನೆ:   1   2   3   4  |  5   6   7   8
ಬೋಲು:  ಧಾ  ಗೆ  ನಾ  ತಿ  |  ನಾ  ಕ   ಧಿ  ನಾ
```

ಇಲ್ಲಿ ಡಗ್ಗಾ ತೆರೆಯುವುದು 1, 2 ಮತ್ತು 7ರಲ್ಲಿ. 5ನೇ ಮನೆ ಖಾಲಿ; ಅಲ್ಲಿ ಎಡಗೈ ಸುಮ್ಮನಿದ್ದು ಬಲಗೈಯ ‘ನಾ’ ಮಾತ್ರ ಇರಬೇಕು. ಕೆಹರವಾಕ್ಕೆ ತೂಗುವ ಗುಣ ಬರುವುದೇ ಈ ಟೊಳ್ಳಿನಿಂದ: ಭಾರ ಹೋಗಿ 7ರಲ್ಲಿ ಮರಳಿ ಬರುತ್ತದೆ. ನಮ್ಮ ಪಲ್ಲವಿಯಲ್ಲಿ ಅದೇ 5ರ ಮೇಲೆ ಕಿಕ್ ಕೂತಿದೆ. ಕೇಳುವವರಿಗೆ ಅಲ್ಲಿ ತಗ್ಗಿನ ಗುದ್ದು ಕೇಳಿಸಿದ ಮೇಲೆ ಖಾಲಿ ಇನ್ನು ಖಾಲಿಯಾಗಿ ಉಳಿಯುವುದಿಲ್ಲ, 7ರ ‘ಧಿ’ಗೆ ಮರಳಿ ಬಂದ ಸುಖವೂ ಇಲ್ಲ. ‘ಕೆಹರವಾ ಹಾಕಿದೆ, ಆದರೆ ಯಾಕೋ ನಡೆಯುತ್ತಿಲ್ಲ’ ಎನ್ನುವ ದೂರಿನ ಮೂಲ ಹೆಚ್ಚಿನ ಸಲ ಇದೇ. ಧ್ವನಿ ಸರಿಪಡಿಸಲು ಈಕ್ಯು ತಿರುಗಿಸುತ್ತಾ ಕೂರುವ ಬದಲು 5ನೇ ಮನೆಯ ಕಿಕ್ ತೆಗೆದು ಒಮ್ಮೆ ಕೇಳಿ.

ಎರಡನೆಯ ತೊಂದರೆ 2ನೇ ಮನೆಯ ‘ಗೆ’. 1ರಲ್ಲಿ ಕಿಕ್, ಬೇಸ್ ಗಿಟಾರ್, ‘ಧಾ’ದೊಳಗಿನ ಡಗ್ಗಾ ಮೂರೂ ಒಟ್ಟಿಗೆ ಬಿದ್ದಿವೆ. ಅವುಗಳ ಗುಂಗು ಇಳಿಯುವ ಮೊದಲೇ, 375 ಮಿಲಿಸೆಕೆಂಡಿಗೆ, ಇನ್ನೊಂದು ‘ಗೆ’ ಬಂದರೆ ತಳ ಕೆಸರಾಗುತ್ತದೆ. ಬೇರೆ ವಾದ್ಯವಿಲ್ಲದ ಭಾವಗೀತೆಯಲ್ಲಿ ಆ ‘ಗೆ’ ಬೇಕೇ ಬೇಕು. ಬೇಸ್ ಇರುವ ಪಾಪ್‌ನಲ್ಲಿ ಅದನ್ನು ಬಿಡುವುದೇ ಒಳ್ಳೆಯದು. ‘ಧಾ – ನಾ ತಿ, ನಾ ಕ ಧಿ ನಾ’ ಎಂದು ನುಡಿಸಿದರೆ ಠೇಕಾ ಗುರುತು ಕಳೆದುಕೊಳ್ಳುವುದಿಲ್ಲ, ತಳಕ್ಕೆ ಉಸಿರಾಡಲು ಜಾಗ ಸಿಗುತ್ತದೆ.

3ನೇ ಮನೆಯ ‘ನಾ’ ಮತ್ತು ಚಿಟಿಕೆ ಎರಡೂ ಮೊನಚು ಸದ್ದುಗಳು, ಒಂದರ ಮೇಲೊಂದು ಬಿದ್ದು ಇನ್ನೂ ಮೊನಚಾಗುತ್ತವೆ. ಅಲ್ಲಿ ಕಿನಾರಿನ ‘ನಾ’ ಬದಲು ಶಾಯಿ ಮತ್ತು ಕಿನಾರಿನ ನಡುವಿನ ಮೈದಾನದಲ್ಲಿ ‘ತಿನ್’ ಇಟ್ಟರೆ ಅಂಚು ಮೆದುವಾಗುತ್ತದೆ. ಇಲ್ಲವೇ ಆ ಚಿಟಿಕೆ ಕೈಬಿಟ್ಟು 7ರದ್ದನ್ನು ಮಾತ್ರ ಉಳಿಸಿ.

ಕೆಹರವಾದ ಒಂದು ದೊಡ್ಡ ಅನುಕೂಲ ಬೇಗ ಕಣ್ಣಿಗೆ ಬೀಳುವುದಿಲ್ಲ: 6ನೇ ಮನೆಯಲ್ಲಿ ‘ಕ’ ಇದೆ. ಮುಚ್ಚಿದ, ಒಣ, ಗುಂಗಿಲ್ಲದ ಬೋಲು. ಗಾಯಕರು ಹಾಡು ಎತ್ತಿಕೊಳ್ಳುವುದು ಅಲ್ಲೇ. ಅವರ ಸಣ್ಣ ಅಕ್ಷರಗಳನ್ನು ಅದು ಮುಚ್ಚುವುದಿಲ್ಲ, ಪ್ರತಿ ಬಾರಿನಲ್ಲೂ. ನಿಮ್ಮ ಪಲ್ಲವಿಯ ಸಾಲು ಒಂದೇ ಬಾರಿನದಾಗಿದ್ದು ಪ್ರತಿ ಬಾರಿಗೂ ಎತ್ತುಗಡೆ ಇದ್ದರೆ ಕೆಹರವಾಕ್ಕಿಂತ ಸುರಕ್ಷಿತವಾದದ್ದು ಇಲ್ಲ.

ವೇಗದ ಮಿತಿಯನ್ನೂ ನೆನಪಿಡಿ. 80ರಲ್ಲಿ, 100ರಲ್ಲಿ ಬಾರಿಗೊಂದು ಆವರ್ತನ ಚೆನ್ನಾಗಿ ನಡೆಯುತ್ತದೆ. 65ಕ್ಕಿಂತ ಕೆಳಗಿಳಿದರೆ ಮನೆಗಳ ನಡುವೆ ಸುಮಾರು ಅರ್ಧ ಸೆಕೆಂಡು ಬಂದು ಠೇಕಾ ಕುಂಟುತ್ತದೆ. ಆಗ ಅರ್ಧ ಬಾರಿಗೇ ಒಂದು ಆವರ್ತನ ಮುಗಿಸುವ ದುಗುನ್ ಬೇಕು, ಇಲ್ಲವೇ ಕೆಹರವಾವನ್ನೇ ಬಿಡಬೇಕು.

ಭಜನಿ ಠೇಕಾ: ಎರಡು ಬಾರಿಗೊಂದು ಆವರ್ತನ

ಭಜನಿಗೆ ಊರಿಗೊಂದು ಪಾಠವಿದೆ. ಇಲ್ಲಿ ಹಿಡಿದಿರುವುದು ತೀರಾ ಸರಳವಾದ ಒಂದು ರೂಪ.

```
ಮನೆ:     1    2   3   4    |  5   6    7   8
ಬಾರ್ 1:  ಧಿನ್  –   ನಾ  ಧಿನ್  |  –   ಧಿನ್  ನಾ  –
ಬಾರ್ 2:  ತಿನ್  –   ನಾ  ತಿನ್  |  –   ತಿನ್  ನಾ  –
```

3 ಮತ್ತು 7ರ ‘ನಾ’ ನೇರವಾಗಿ ಚಿಟಿಕೆಯ ಜಾಗದಲ್ಲೇ ಕೂತಿದೆ ನೋಡಿ. ಪಾಪ್‌ನ ಎರಡನೇ, ನಾಲ್ಕನೇ ಬೀಟಿನ ಒತ್ತು ಈ ಠೇಕಾದೊಳಗೇ ಇದೆ. ಹಾಗಾಗಿ ಚಿಟಿಕೆಯನ್ನು ಪೂರ್ತಿ ತೆಗೆದುಹಾಕಿ ಆ ಕೆಲಸ ತಬಲಾಕ್ಕೇ ಒಪ್ಪಿಸಬಹುದು. ಡಗ್ಗಾ 1, 4, 6ರಲ್ಲಿ ತೆರೆಯುತ್ತದೆ. ನಡುವಿನ 5ರಲ್ಲಿ ಕಿಕ್ ಉಳಿದರೆ 4, 5, 6 ಸಾಲಾಗಿ ಮೂರು ಗುದ್ದಾಗಿ, ತೂಗಬೇಕಾದ ಠೇಕಾ ಮೆಟ್ಟಿಲಿಳಿಯುವಂತೆ ಕೇಳುತ್ತದೆ. ಭಜನಿ ಆರಿಸಿದರೆ ಕಿಕ್ 1ರಲ್ಲಿ ಮಾತ್ರ ಇರಲಿ. ಎರಡನೇ ಬಾರಿನಲ್ಲಿ ಅದೂ ಬೇಡ.

ಆ ಎರಡನೇ ಬಾರಿಗಾಗಿಯೇ ಈ ಪಲ್ಲವಿಗೆ ನಮ್ಮ ಮತ ಭಜನಿಗೆ. ಪೂರ್ತಿ ಒಂದು ಬಾರ್ ಡಗ್ಗಾ ಇಲ್ಲ. ಸಾಲು ಎರಡು ಬಾರಿನದು, ಹಾಗಾಗಿ ಮುಂದಿನ ಸಾಲಿನ ಎತ್ತುಗಡೆ ಬರುವುದು 2, 4, 6ನೇ ಬಾರುಗಳ 6ನೇ ಮನೆಯಲ್ಲಿ. ಅವೆಲ್ಲವೂ ಖಾಲಿ ಬಾರುಗಳು. ಅಲ್ಲಿ ‘ಧಿನ್’ ಬದಲು ಹಗುರವಾದ ‘ತಿನ್’ ಇದೆ, ಹಾಡು ಬಯಲಲ್ಲಿ ಎತ್ತಿಕೊಂಡು ಆವರ್ತನದ ಮೊದಲ ಮನೆಯಾದ ಸಮ್‌ಗೆ ಬಂದಾಗ ಡಗ್ಗಾ ಮರಳಿ ತೆರೆಯುತ್ತದೆ. ಸಾಲು ಒಂದೇ ಬಾರಿನದಾಗಿದ್ದರೆ ಇದೇ ಠೇಕಾ ಮುಳುವಾಗುತ್ತದೆ: ಬೆಸ ಬಾರುಗಳಲ್ಲಿ 6ನೇ ಮನೆಯ ‘ಧಿನ್’ ನೇರವಾಗಿ ಮೊದಲ ಅಕ್ಷರದ ಮೇಲೆ ಬಿದ್ದು, ತಗ್ಗಿನಲ್ಲಿ ಹಾಡುವ ಗಂಡು ದನಿಯಾದರೆ ಮಾತೇ ಮುಚ್ಚಿಹೋಗುತ್ತದೆ.

ದೇವರನಾಮದ ವಾಸನೆಯ ಭಯಕ್ಕೆ ಉತ್ತರವೂ ಬೋಲಿನಲ್ಲೇ ಇದೆ. ಆ ಬಣ್ಣ ಬರುವುದು ಗಟ್ಟಿ ‘ನಾ’ ಮತ್ತು ಅದರ ಜೊತೆಗಿನ ತಾಳದ ಕಿಣಿಕಿಣಿಯಿಂದ. ‘ನಾ’ದ ಪೆಟ್ಟು ಅರ್ಧಕ್ಕೆ ಇಳಿಸಿ, ಗೆಜ್ಜೆ-ತಾಳ ಯಾವುದನ್ನೂ ಸೇರಿಸದೆ ಬಿಟ್ಟರೆ ಅದೇ ಠೇಕಾ ಗಿಟಾರಿನ ಪಕ್ಕ ಸುಮ್ಮನೆ ತೂಗುತ್ತದೆ.

ಶ್ರುತಿ: ಷಡ್ಜಕ್ಕೋ ಪಂಚಮಕ್ಕೋ

ಭಜನಿ ಆರಿಸಿದ ಕೂಡಲೇ ಏಳುವ ಪ್ರಶ್ನೆ ಇದು, ಇಲ್ಲಿ ಎಡವಿದವರು ಬಹಳ. ಬಲಗೈ ತಬಲಾವಾದ ದಾಯಾಕ್ಕೆ ಇಷ್ಟು ಖಚಿತವಾದ ಸ್ವರ ಕೊಡುವುದು ಶಾಯಿ. ಅದರ ಭಾರದಿಂದಲೇ ಚರ್ಮದ ಉಪಸ್ವರಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ ಎಂದು ಸಿ.ವಿ. ರಾಮನ್ 1920ರಷ್ಟು ಹಿಂದೆಯೇ ತೋರಿಸಿದ್ದರು. ಸ್ವರ ಖಚಿತ ಎಂದಮೇಲೆ ಅದು ಕಾರ್ಡ್ ಜೊತೆ ಹೊಂದಲೂಬಹುದು, ಜಗಳವಾಡಲೂಬಹುದು.

ದಾಯಾವನ್ನು ಡಿಗೆ, ಅಂದರೆ ಷಡ್ಜಕ್ಕೆ, ಸೇರಿಸಿದಿರಿ ಎನ್ನಿ. ಡಿ, ಬಿ ಮೈನರ್, ಜಿ – ಮೂರೂ ಕಾರ್ಡಿನಲ್ಲಿ ಡಿ ಸ್ವರ ಇದೆ, ತೊಂದರೆಯಿಲ್ಲ. ನಾಲ್ಕನೇ ಬಾರಿನ ಎ ಕಾರ್ಡಿನಲ್ಲಿ ಇರುವುದು ಎ, ಸಿ ಶಾರ್ಪ್, ಇ. ಸಿ ಶಾರ್ಪ್‌ಗೂ ಡಿಗೂ ನಡುವೆ ಅರ್ಧ ಸ್ವರವಷ್ಟೇ. ನಾಲ್ಕನೇ ಬಾರ್ ಭಜನಿಯಲ್ಲಿ ಖಾಲಿ. ಗುಂಗು ಬಿಡುವ ‘ತಿನ್’ ಮೂರು ಸಲ ಬರುವುದು, ಅದನ್ನು ಮರೆಮಾಡುವ ಡಗ್ಗಾ ಇಲ್ಲದಿರುವುದು ಎರಡೂ ಅಲ್ಲೇ. ಕೇಳಿದಾಗ ಗಿಟಾರ್ ಶ್ರುತಿ ತಪ್ಪಿದಂತೆ ಅನಿಸುತ್ತದೆ. ಗಿಟಾರ್ ಎಷ್ಟು ಸರಿಪಡಿಸಿದರೂ ಹೋಗದು, ಯಾಕೆಂದರೆ ತಪ್ಪು ಅಲ್ಲಿಲ್ಲ.

ದಾಯಾವನ್ನು ಪಂಚಮಕ್ಕೆ, ಎಗೆ ಸೇರಿಸಿ ನೋಡಿ. ಡಿ ಕಾರ್ಡಿನಲ್ಲಿ ಅದು ಇದೆ. ಎ ಕಾರ್ಡಿನ ಬುಡವೇ ಅದು. ಬಿ ಮೈನರ್ ಮೇಲೆ ಏಳನೆಯ ಸ್ವರವಾಗಿ, ಜಿ ಮೇಲೆ ಒಂಬತ್ತನೆಯದಾಗಿ ಕೇಳುತ್ತದೆ. ಎರಡೂ ಮೆದು ಪಾಪ್‌ಗೆ ಒಗ್ಗುವ ಬಣ್ಣಗಳೇ. ತಗ್ಗಿನ ಎಗೆ ದೊಡ್ಡ ಬಾಯಿಯ ದಾಯಾ ಬೇಕು; ಅದರ ‘ನಾ’ ದುಂಡಗಿರುತ್ತದೆ, ಮೆದು ಪಲ್ಲವಿಗೆ ಅದೂ ಲಾಭವೇ. ಡಿಗೆ ಕಟ್ಟಿದ ಸಣ್ಣ ಬಾಯಿಯದನ್ನು ಗಟ್ಟೆ ಮೇಲಕ್ಕೆ ಸರಿಸಿ ಎಗೆ ಇಳಿಸಲು ಹೋಗಬೇಡಿ. ಚರ್ಮ ಸಡಿಲವಾಗಿ ‘ನಾ’ ಸತ್ತುಹೋಗುತ್ತದೆ. ದೊಡ್ಡದು ಸಿಗದಿದ್ದರೆ ಡಿಯಲ್ಲೇ ಇರಲಿ. 4 ಮತ್ತು 8ನೇ ಬಾರಿನಲ್ಲಿ ಮಾತ್ರ ‘ತಿನ್’ ಬದಲು ಮುಚ್ಚಿದ ‘ತೆ’ ನುಡಿಸಿ. ಖಾಲಿಯ ಹಗುರವೂ ಉಳಿಯುತ್ತದೆ, ಜಗಳವೂ ಇಲ್ಲ.

‘ತೂನ್’ ಈ ಪಲ್ಲವಿಗೆ ಬೇಡವೇ ಬೇಡ. ಅದರ ಗುಂಗು ಎಲ್ಲಕ್ಕಿಂತ ಉದ್ದ, ಸ್ವರವೂ ‘ನಾ’ ಸ್ವರಕ್ಕಿಂತ ಬೇರೆಯೇ ಕೇಳುತ್ತದೆ.

ಬಿಡಿ ಬೋಲು: ಠೇಕಾ ಇಲ್ಲದ ನಡೆ

```
ಮನೆ:     1    2   3   4    |  5   6   7   8
ಬಾರ್ 1:  ಧಿನ್  –   –   ತಿ    |  –   –   ನಾ  –
ಬಾರ್ 2:  –    –   –   ತಿನ್  |  –   ಕ   –   ಗೆ
```

ಎರಡು ಬಾರಿಗೆ ಆರೇ ಬೋಲು. ಭಜನಿಯಲ್ಲಿ ಹತ್ತು, ‘ಗೆ’ ತೆಗೆದ ಕೆಹರವಾದಲ್ಲಿ ಹದಿನಾಲ್ಕು. ಡಗ್ಗಾ ತೆರೆಯುವುದು ಎರಡೇ ಕಡೆ, ಹಾಗಾಗಿ ಕಿಕ್, ಚಿಟಿಕೆ ಎರಡನ್ನೂ ಮುಟ್ಟಬೇಕಾಗಿಲ್ಲ. ಡ್ರಮ್ ಭಾಗ ಈಗಾಗಲೇ ಮುಗಿದು ಬದಲಿಸಲು ಆಗದ ಸ್ಥಿತಿಯಲ್ಲಿದ್ದರೆ ಇದೊಂದೇ ದಾರಿ. ಕೊನೆಯ ‘ಗೆ’ಯನ್ನು ಅಂಗೈ ಬುಡದಿಂದ ಒತ್ತಿ ಮೀಂಡ್ ಎಳೆದರೆ ಅದು ಸಮ್‌ಗೆ ಕೈಹಿಡಿದು ಕರೆತರುತ್ತದೆ. ಆ ಹೊತ್ತಿಗೆ ಬೇಸ್ ಗಿಟಾರ್ ಉದ್ದ ಸ್ವರ ಹಿಡಿದಿರಬಾರದು. ಜಾರುವ ಡಗ್ಗಾ ನಿಂತ ಸ್ವರದ ಜೊತೆ ಗುಂಯ್‌ಗುಡುತ್ತದೆ. ಬೇಸ್ ಸ್ವರವನ್ನು 7ನೇ ಮನೆಯಲ್ಲೇ ನಿಲ್ಲಿಸಿ.

ಕಳೆದುಕೊಳ್ಳುವುದೂ ಇದೆ. ಖಾಲಿ-ಭರಿಯ ತೂಗು ಇಲ್ಲಿ ಇಲ್ಲ, ನಾಲ್ಕು ಬಾರ್ ಆದಮೇಲೆ ಅದೇ ಅದೇ ಅನಿಸುತ್ತದೆ. ಐದನೇ ಬಾರಿನಿಂದ ಒಂದೆರಡು ಬೋಲು ಸೇರಿಸಿ ಬೆಳೆಸಲೇಬೇಕು. ತಬಲಾವಾದಕರಿಗೂ ಇದು ಸುಲಭವಲ್ಲ. ಠೇಕಾ ಅವರ ಕೈಯಲ್ಲಿರುತ್ತದೆ. ಇದನ್ನು ಬರೆದುಕೊಟ್ಟು ಕಲಿಸಬೇಕು, ಇಲ್ಲವಾದರೆ ಎರಡನೇ ಟೇಕಿನಲ್ಲೇ ಕೈ ಕೆಹರವಾಕ್ಕೆ ಹೊರಳುತ್ತದೆ.

ದಾದರಾ, ರೂಪಕ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಾಡು ಆರರ ನಡೆಯಲ್ಲಿದ್ದರೆ ದಾದರಾ, ಬೇರೆ ಯೋಚನೆಯೇ ಬೇಡ. ಹಿಂದೂಸ್ತಾನಿ ರೂಪಕ್ ಏಳು ಮಾತ್ರೆ. ನಮ್ಮ ಪಲ್ಲವಿಯಲ್ಲಿ ಒಟ್ಟು 64 ಮನೆ, ಒಂಬತ್ತು ಆವರ್ತನ ಮುಗಿದು ಒಂದು ಮನೆ ಉಳಿಯುತ್ತದೆ. ಕೂರುವುದಿಲ್ಲ. ಕರ್ನಾಟಕ ಸಂಗೀತ ಕಲಿತವರು ಒಂದು ಎಚ್ಚರ ವಹಿಸಬೇಕು: ನಿಮ್ಮ ರೂಪಕದಲ್ಲಿ ಆರು ಅಕ್ಷರ, ತಬಲಾವಾದಕರ ರೂಪಕ್‌ನಲ್ಲಿ ಏಳು. ಹೆಸರು ಹೇಳದೆ ಎಣಿಸಿ ತೋರಿಸಿ.

ಸಮ್ ಎಲ್ಲಿಡಬೇಕು

ಸ್ಯಾಂಪಲ್ ಅಥವಾ ಲೂಪ್ ಬಳಸುವವರು ಮಾಡುವ ತಪ್ಪು ಒಂದೇ ಬಗೆಯದು. ಪರದೆಯ ಮೇಲೆ ಗಾಯಕರ ಅಲೆ ಶುರುವಾಗುವ ಜಾಗಕ್ಕೆ ಲೂಪಿನ ತಲೆ ತಂದು ಅಂಟಿಸುತ್ತಾರೆ. ಅದು ಎತ್ತುಗಡೆಯ 6ನೇ ಮನೆ, ಸಮ್ ಅಲ್ಲ. ಇಡೀ ಆವರ್ತನ ಮೂರು ಮನೆ ಮುಂಚೆ ಸರಿಯುತ್ತದೆ. ಕೆಹರವಾ ಆದರೆ ಲೂಪಿನ ನಾಲ್ಕನೇ ಬೋಲಾದ ‘ತಿ’ ನಿಜವಾದ ಸಮ್ ಮೇಲೆ ಬೀಳುತ್ತದೆ. ಎಳೆದು ಹಾಡುವ ಅಕ್ಷರದ ಕೆಳಗೆ ಅತಿ ಹಗುರ ಬೋಲು. ಪತ್ತೆ ಹಚ್ಚಲು ಎಲ್ಲವನ್ನೂ ಮ್ಯೂಟ್ ಮಾಡಿ ಹಾಡು ಮತ್ತು ಡಗ್ಗಾ ಮಾತ್ರ ಕೇಳಿ. ಎಳೆತದ ಅಕ್ಷರದ ಜೊತೆಗೇ ಡಗ್ಗಾ ತೆರೆಯಬೇಕು.

ಭಜನಿಯಲ್ಲಿ ಇನ್ನೊಂದು ಅಪಾಯವಿದೆ. ಚರಣದಿಂದಲೇ ಠೇಕಾ ನಡೆಯುತ್ತಿದ್ದು, ಪಲ್ಲವಿಗೆ ಮುಂಚಿನ ಭಾಗ ಏಳು ಬಾರಿನದಾಗಿದ್ದರೆ ಪಲ್ಲವಿ ಖಾಲಿಯಲ್ಲಿ ಶುರುವಾಗಿಬಿಡುತ್ತದೆ. ಎಂಟೂ ಬಾರ್ ತಲೆಕೆಳಗು. ಕುಳಿತು ನುಡಿಸುವವರು ಇದನ್ನು ಗ್ರಹಿಸಿ ತಾವೇ ತಿರುಗಿಸಿಕೊಳ್ಳುತ್ತಾರೆ, ಲೂಪ್ ತಿರುಗಿಸದು. ಆ ಏಳನೇ ಬಾರಿನಲ್ಲಿ ತಬಲಾ ನಿಲ್ಲಿಸಿ, ಪಲ್ಲವಿಯ ಸಮ್‌ನಿಂದ ಹೊಸದಾಗಿ ಶುರುಮಾಡಿ.

ಪಲ್ಲವಿಗೆ ತಿಹಾಯಿಯಿಂದ ಬರುವ ಆಸೆ ಎಲ್ಲರಿಗೂ ಇರುತ್ತದೆ. ‘ತೆಟೆಧಾ ತೆಟೆಧಾ ತೆಟೆಧಾ’ – ಬೀಟಿಗೆ ನಾಲ್ಕರಂತೆ ನುಡಿಸಿದರೆ ಒಟ್ಟು ಒಂಬತ್ತು ಪೆಟ್ಟು, ಮೂರನೇ ಬೀಟಿನಲ್ಲಿ ಎತ್ತಿಕೊಂಡರೆ ಕೊನೆಯ ‘ಧಾ’ ಸರಿಯಾಗಿ ಸಮ್ ಮೇಲೆ. ಲೆಕ್ಕ ಅಚ್ಚುಕಟ್ಟು. ಆದರೆ ಮೊದಲ ‘ಧಾ’ ಬೀಳುವುದು ಮೂರನೇ ಬೀಟಿನ ಅರ್ಧದಲ್ಲಿ, ಅಂದರೆ ಅದೇ 6ನೇ ಮನೆಯಲ್ಲಿ, ಗಾಯಕರ ಮೊದಲ ಅಕ್ಷರದ ನೆತ್ತಿಯ ಮೇಲೆ. ಎತ್ತುಗಡೆ ಇರುವ ಪಲ್ಲವಿಗೆ ಈ ತಿಹಾಯಿ ಬೇಡ. ಅದನ್ನು ಎಂಟನೇ ಬಾರಿಗೆ, ಹಾಡು ಮುಗಿದು ಗಿಟಾರ್ ಮಾತ್ರ ಉಳಿಯುವ ಜಾಗಕ್ಕೆ ಎತ್ತಿಡಿ.

ಕಿಕ್ ಮತ್ತು ಡಗ್ಗಾ ಒಟ್ಟಿಗೆ ಬೀಳುವ 1ನೇ ಮನೆಯಲ್ಲಿ ಎರಡರ ನಡುವೆ 20 ಮಿಲಿಸೆಕೆಂಡಿಗಿಂತ ಹೆಚ್ಚು ಅಂತರವಿದ್ದರೆ ಎರಡು ಪೆಟ್ಟಾಗಿ ಕೇಳತೊಡಗುತ್ತದೆ. ಆಗ ಕಿಕ್ಕನ್ನು ಸರಿಸಿ, ತಬಲಾವನ್ನಲ್ಲ. ನುಡಿಸಿದ ಭಾಗವನ್ನು ಗ್ರಿಡ್‌ಗೆ ಪೂರ್ತಿ ಎಳೆದರೆ ತೂಗು ಹೋಗುತ್ತದೆ. ಕ್ವಾಂಟೈಸ್ ಮಾಡಲೇಬೇಕೆಂದರೆ ಅರ್ಧದಷ್ಟು ಸಾಕು.

ಯಾರಿಗೆ ಯಾವುದು

ಒಬ್ಬ ತಬಲಾವಾದಕರನ್ನು ಒಂದು ಹೊತ್ತು ಕರೆಸುವಷ್ಟು ಹಣವಿದ್ದರೆ ಭಜನಿ ಅಥವಾ ಕೆಹರವಾ ಆರಿಸಿ. ಖಾಲಿಯ ಹಗುರ, ಡಗ್ಗಾದ ಮೀಂಡ್, ಐದನೇ ಬಾರಿನಿಂದ ನಿಧಾನ ಏರುವ ಒತ್ತು – ಇವು ಕೈಯಿಂದ ಬಂದಷ್ಟು ಚೆನ್ನಾಗಿ ಬೇರೆಲ್ಲಿಂದಲೂ ಬರುವುದಿಲ್ಲ. ಹಣ ಕಡಿಮೆಯಿದ್ದು ಬಿಡಿ ಪೆಟ್ಟುಗಳ ಸ್ಯಾಂಪಲ್ ಮಾತ್ರ ಇದ್ದರೆ ಬಿಡಿ ಬೋಲಿನ ನಡೆಯೇ ಪ್ರಾಮಾಣಿಕವಾಗಿ ಕೇಳುತ್ತದೆ. ಬೋಲು ಕಡಿಮೆಯಾದಷ್ಟೂ ಒಂದೇ ‘ನಾ’ ಮತ್ತೆ ಮತ್ತೆ ಬರುವ ಯಂತ್ರದ ಗುಣ ಕಡಿಮೆ. ಸಿದ್ಧ ಲೂಪ್ ತೆಗೆದುಕೊಂಡರೆ ನಿಮ್ಮ ವೇಗಕ್ಕೆ ಹತ್ತಿರದ್ದನ್ನೇ ಹುಡುಕಿ. 95ರ ಲೂಪನ್ನು 80ಕ್ಕೆ ಹಿಗ್ಗಿಸಿದರೆ ‘ತಿನ್’ನ ಗುಂಗು ನಡುಗುತ್ತದೆ. ಆಗ ಹಿಗ್ಗಿಸದೆ, ಪೆಟ್ಟುಪೆಟ್ಟಾಗಿ ಕತ್ತರಿಸಿ ಮನೆಗಳಲ್ಲಿ ಇಡಿ. ಶ್ರುತಿಯನ್ನೂ ಕೇಳಿ ನೋಡಿ. ಸಿ ಶಾರ್ಪ್‌ನ ಲೂಪ್ ಡಿ ಹಾಡಿಗೆ ಬಂದರೆ ಮೇಲೆ ಹೇಳಿದ ಜಗಳ ಎ ಬಾರನ್ನು ಬಿಟ್ಟು ಉಳಿದ ಎಲ್ಲ ಬಾರಿನಲ್ಲೂ.

ವಾದಕರನ್ನು ಕರೆಸುವುದಾದರೆ ಹಿಂದಿನ ದಿನವೇ ಒಂದು ಚೀಟಿ ಕಳಿಸಿ: ವೇಗ 80; ಬಿಳಿ ಎರಡು, ದಾಯಾ ತಗ್ಗಿನ ಪಂಚಮಕ್ಕೆ, ದೊಡ್ಡ ಬಾಯಿಯದು; ಭಜನಿ, ಎರಡು ಬಾರಿಗೊಂದು ಆವರ್ತನ, ನಾಲ್ಕು ಆವರ್ತನ; ಹಾಡು ಸಮ್‌ಗೆ ಮೂರು ಮನೆ ಮುಂಚೆ ಎತ್ತುತ್ತದೆ; ತಿಹಾಯಿ ಎಂಟನೇ ಬಾರಿನಲ್ಲಿ ಮಾತ್ರ. ಜೊತೆಗೆ ಹಾಡಿನ ಕಚ್ಚಾ ರೆಕಾರ್ಡಿಂಗ್ ಇರಲಿ, ಕಿಕ್ ತೆಗೆದದ್ದು.